ಖಾಲಿ ಮನೆಯಲ್ಲಿ ಕೂತ ಸೊನ್ನೆ

ಹೈದರಾಬಾದಿನ ಪಂಜಾಗುಟ್ಟದಲ್ಲಿರುವ ನಿಮ್ಸ್ ಆಸ್ಪತ್ರೆಯ ಸುತ್ತಮುತ್ತ ಬೆಳಿಗ್ಗೆ ಹೊತ್ತು ನಿಂತರೆ ಕನ್ನಡ ಕಿವಿಗೆ ಬೀಳದೆ ಇರುವುದಿಲ್ಲ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರು ದೊಡ್ಡ ಕಾಯಿಲೆಗೆ ಇವತ್ತಿಗೂ ಹೈದರಾಬಾದಿನ ದಾರಿ ಹಿಡಿಯುತ್ತಾರೆ. ರಾಜ್ಯದ ಗಡಿ 1956ರಲ್ಲಿ ಬದಲಾಯಿತು, ಆಸ್ಪತ್ರೆಯ ದಾರಿ ಬದಲಾಗಲಿಲ್ಲ. ಹೃದಯದ ಮಾತ್ರೆ ಇಲ್ಲಿನ ಡಾಕ್ಟರು ಬರೆಯುತ್ತಾರೆ. ಜ್ವರ, ಕೆಮ್ಮು, ಉರಿಮೂತ್ರಕ್ಕೆ ಊರಿನ ಡಾಕ್ಟರು ಬರೆಯುತ್ತಾರೆ. ಒಬ್ಬರ ಚೀಟಿ ಇನ್ನೊಬ್ಬರು ನೋಡುವುದು ಅಪರೂಪ. ಎರಡೂ ಚೀಟಿ ಒಟ್ಟಿಗೆ ಸೇರುವ ಜಾಗ ಒಂದೇ, ಮೆಡಿಕಲ್ ಶಾಪಿನ ಕೌಂಟರು.

ಆ ಕೌಂಟರಿನ ಹಿಂದೆ ನಿಂತವರು ಈಚೆಗೆ ಒಂದು ಒಳ್ಳೆಯ ಕೆಲಸಕ್ಕೆ ಕೈಹಾಕಿದ್ದಾರೆ. ಯಾವ ಮಾತ್ರೆಗೆ ಯಾವ ಮಾತ್ರೆ ಆಗಿಬರುವುದಿಲ್ಲ ಎಂಬುದನ್ನು ಮೂರು ನಾಲ್ಕು ಆಕರಗಳಿಂದ ತೆಗೆದು, ಒಂದೇ ಎಕ್ಸೆಲ್ ಹಾಳೆಗೆ ತುಂಬಿ, ಹೆಚ್ಚು ಅಪಾಯದ್ದು ಮೇಲೆ, ಕಡಿಮೆಯದು ಕೆಳಗೆ ಬರುವಂತೆ ಜೋಡಿಸಿಕೊಳ್ಳುತ್ತಿದ್ದಾರೆ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ಚೀಟಿ ಬಂದಾಗ ಔಷಧಗಳ ನಡುವಿನ ತಿಕ್ಕಾಟವನ್ನು ಗಮನಿಸಬೇಕು ಎಂದು ಫಾರ್ಮಸಿಸ್ಟರಿಗೇ ಹೇಳಿರುವುದರಿಂದ, ಇಂಥ ಹಾಳೆ ಬೇಕೇ ಬೇಕು. ಆದರೆ ನಾನು ನೋಡಿದ ಹಾಳೆಗಳು ಜೋಡಣೆಯಾಗಿರುವ ರೀತಿಯಲ್ಲೇ ಮುಂದುವರಿದರೆ, ಜೀವಕ್ಕೆ ಎರವಾಗುವ ಸಾಲು ಕೆಳಗೆ ಇಳಿಯುತ್ತದೆ, ನಿರುಪದ್ರವಿ ಸಾಲು ಮೇಲೆ ಏರುತ್ತದೆ. ಹಾಳೆ ಇಲ್ಲದಿದ್ದಾಗ ಅನುಮಾನ ಬಂದರೆ ಪುಸ್ತಕ ತೆಗೆಯುತ್ತಿದ್ದ ಕೈ, ಹಾಳೆ ಬಂದ ಮೇಲೆ ತೆಗೆಯುವುದಿಲ್ಲ. ನನ್ನ ಭಯ ಇರುವುದು ಅಲ್ಲಿ.

ಒಂದು ಚೀಟಿಯನ್ನೇ ಹಿಡಿದು ನೋಡೋಣ. ಇದು ಒಬ್ಬ ನಿಜ ರೋಗಿಯದಲ್ಲ, ಆದರೆ ಇಂಥವರನ್ನು ಯಾವ ಫಾರ್ಮಸಿಸ್ಟ್ ಬೇಕಾದರೂ ಕಂಡಿರುತ್ತಾರೆ. ಹುಮನಾಬಾದ್ ಕಡೆಯ ಎಪ್ಪತ್ತರ ಆಸುಪಾಸಿನ ಅಜ್ಜಿ. ಹೃದಯ ಸೋತಿದೆ, ಸಕ್ಕರೆ ಕಾಯಿಲೆ ಇದೆ. ಹೈದರಾಬಾದಿನ ಡಾಕ್ಟರು ರಾಮಿಪ್ರಿಲ್ 5 ಮಿಲಿಗ್ರಾಂ ಕೊಟ್ಟಿದ್ದಾರೆ. ಕಾಲಿನ ಬಾವಿಗೆ ಟಾರ್ಸೆಮೈಡ್ ಮತ್ತು ಸ್ಪೈರನೋಲ್ಯಾಕ್ಟೋನ್ ಎರಡೂ ಸೇರಿದ ಒಂದು ಮಾತ್ರೆ. ಸಕ್ಕರೆಗೆ ಗ್ಲಿಬೆನ್‌ಕ್ಲಮೈಡ್. ಈಗ ಉರಿಮೂತ್ರ ಶುರುವಾಗಿ ಊರಿನಲ್ಲಿ ಕೋ-ಟ್ರೈಮಾಕ್ಸಜೋಲ್ ಬರೆದಿದ್ದಾರೆ. ನಮ್ಮ ಜನ ಸೆಪ್ಟ್ರಾನ್ ಎಂದು ಗುರುತಿಸುವ ಹಳೆಯ, ಅಗ್ಗದ, ಎಲ್ಲ ಕಡೆ ಸಿಗುವ ಮಾತ್ರೆ ಅದು. ಡಬಲ್ ಸ್ಟ್ರೆಂತ್ ಮಾತ್ರೆಯಲ್ಲಿ ಟ್ರೈಮೆಥೋಪ್ರಿಮ್ 160, ಸಲ್ಫಮೆಥಾಕ್ಸಜೋಲ್ 800 ಮಿಲಿಗ್ರಾಂ ಇರುತ್ತದೆ.

ಇಲ್ಲಿ ನಡೆಯುವುದು ಪೊಟ್ಯಾಷಿಯಂ ಲೆಕ್ಕ. ರಕ್ತದಲ್ಲಿ ಅದು ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್ ಇರಬೇಕು. ಹೆಚ್ಚಾದದ್ದನ್ನು ಮೂತ್ರಪಿಂಡ ಹೊರಹಾಕುತ್ತದೆ, ಅದಕ್ಕೆ ಆಲ್ಡೊಸ್ಟಿರೋನ್ ಎಂಬ ಹಾರ್ಮೋನಿನ ಅಪ್ಪಣೆ ಬೇಕು. ರಾಮಿಪ್ರಿಲ್ ಆ ಹಾರ್ಮೋನಿನ ಪ್ರಮಾಣ ತಗ್ಗಿಸುತ್ತದೆ. ಸ್ಪೈರನೋಲ್ಯಾಕ್ಟೋನ್ ಉಳಿದ ಹಾರ್ಮೋನು ಕೆಲಸ ಮಾಡದಂತೆ ತಡೆಯುತ್ತದೆ. ಟ್ರೈಮೆಥೋಪ್ರಿಮ್ ಬ್ಯಾಕ್ಟೀರಿಯಾ ವಿರುದ್ಧದ ಮದ್ದೇ ಆದರೂ ಮೂತ್ರಪಿಂಡದ ನಾಳದ ಕೊನೆಯ ಭಾಗದಲ್ಲಿರುವ ಸೋಡಿಯಂ ದಾರಿಯನ್ನು ಮುಚ್ಚುತ್ತದೆ. ಸೋಡಿಯಂ ಒಳಬರದಿದ್ದರೆ ಪೊಟ್ಯಾಷಿಯಂ ಹೊರಹೋಗುವುದಿಲ್ಲ. ಅಮಿಲೋರೈಡ್ ಎಂಬ ಮೂತ್ರವರ್ಧಕ ಮಾಡುವುದೂ ಇದೇ ಕೆಲಸ. ಮೂರು ಮದ್ದು ಮೂರು ಕಡೆ ಒಂದೇ ಬಾಗಿಲನ್ನು ಒತ್ತಿ ಹಿಡಿದಂತಾಯಿತು. ಪೊಟ್ಯಾಷಿಯಂ ಏರಿದರೆ ಕೈಕಾಲು ಸೋತಂತೆ ಆಗಬಹುದು, ಎದೆ ಡವಗುಟ್ಟಬಹುದು, ಏನೂ ಗೊತ್ತಾಗದೆಯೂ ಇರಬಹುದು. ಕೊನೆಗೆ ಹೃದಯದ ಬಡಿತ ತಪ್ಪುತ್ತದೆ.

ಇದು ಪುಸ್ತಕದ ಊಹೆಯಲ್ಲ. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಹಿರಿಯರಿಗೆ ಕೊಟ್ಟ ಔಷಧಗಳ ಲೆಕ್ಕವೂ ಆಸ್ಪತ್ರೆ ಸೇರಿದವರ ಲೆಕ್ಕವೂ ಸರಕಾರದ ಬಳಿ ಇರುವುದರಿಂದ ಅಲ್ಲಿನ ಸಂಶೋಧಕರು ಎರಡನ್ನೂ ತಾಳೆ ಹಾಕಿ ನೋಡಿದ್ದಾರೆ. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಬಂದ ವರದಿಯ ಪ್ರಕಾರ, ಸ್ಪೈರನೋಲ್ಯಾಕ್ಟೋನ್ ತೆಗೆದುಕೊಳ್ಳುತ್ತಿದ್ದ 66 ದಾಟಿದವರಲ್ಲಿ ಅಮಾಕ್ಸಿಸಿಲಿನ್ ಪಡೆದವರಿಗೆ ಹೋಲಿಸಿದರೆ ಕೋ-ಟ್ರೈಮಾಕ್ಸಜೋಲ್ ಪಡೆದವರು ಎರಡು ವಾರದೊಳಗೆ ಪೊಟ್ಯಾಷಿಯಂ ಏರಿ ಆಸ್ಪತ್ರೆ ಸೇರುವ ಸಂಭವ ಸುಮಾರು 12 ಪಟ್ಟು. ಅದೇ ತಂಡ 2014ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ರಾಮಿಪ್ರಿಲ್ ಮತ್ತು ಲೋಸಾರ್ಟಾನ್ ಗುಂಪಿನ ಮಾತ್ರೆಗಳ ಜೊತೆ ಕೋ-ಟ್ರೈಮಾಕ್ಸಜೋಲ್ ಪಡೆದವರಲ್ಲಿ ಏಳು ದಿನದೊಳಗಿನ ಹಠಾತ್ ಸಾವಿನ ಸಂಭವ ಸುಮಾರು 38 ಶೇಕಡಾ ಹೆಚ್ಚು ಎಂದು ತೋರಿಸಿತು. ಗ್ಲಿಬೆನ್‌ಕ್ಲಮೈಡ್ ಕಥೆ ಬೇರೆ: ಸಲ್ಫಮೆಥಾಕ್ಸಜೋಲ್ ಅದು ಯಕೃತ್ತಿನಲ್ಲಿ ಕರಗುವುದನ್ನು ನಿಧಾನಿಸುತ್ತದೆ, ಸಕ್ಕರೆ ಕುಸಿಯುತ್ತದೆ. 2003ರ ಒಂಟಾರಿಯೊ ಅಧ್ಯಯನದಲ್ಲಿ, ಗ್ಲಿಬೆನ್‌ಕ್ಲಮೈಡ್ ತೆಗೆದುಕೊಳ್ಳುತ್ತಿದ್ದು ಸಕ್ಕರೆ ಕುಸಿದು ಆಸ್ಪತ್ರೆ ಸೇರಿದವರು ಹಿಂದಿನ ವಾರದಲ್ಲಿ ಕೋ-ಟ್ರೈಮಾಕ್ಸಜೋಲ್ ಪಡೆದಿರುವ ಸಂಭವ ಉಳಿದವರಿಗಿಂತ ಆರು ಪಟ್ಟಿಗೂ ಹೆಚ್ಚಿತ್ತು.

ಇವೆಲ್ಲ ಹೋಲಿಕೆಯ ಅಂಕಿಗಳು. ಈ ಜೋಡಿ ತೆಗೆದುಕೊಂಡ ಬಹುತೇಕರಿಗೆ ಏನೂ ಆಗುವುದಿಲ್ಲ. ಅಪಾಯ ಹೆಚ್ಚಾಗಿ ಸುತ್ತಿಕೊಳ್ಳುವುದು ವಯಸ್ಸಾದವರಿಗೆ, ಮೂತ್ರಪಿಂಡ ಸೋತವರಿಗೆ, ಸಕ್ಕರೆ ಕಾಯಿಲೆಯವರಿಗೆ. ನಮ್ಮ ಅಜ್ಜಿಗೆ ಅದರಲ್ಲಿ ಎರಡು ಖಚಿತ, ಮೂರನೆಯದನ್ನು ಯಾರೂ ಪರೀಕ್ಷಿಸಿಲ್ಲ.

ಈಗ ಈ ಚೀಟಿಯನ್ನು ಹಾಳೆಗೆ ಹಾಕೋಣ. ಮೊದಲ ಪೇಚು ಆಕರಗಳ ಅಳತೆಗೋಲಿನದು. ಮೈಕ್ರೋಮೆಡೆಕ್ಸ್ ಅಪಾಯದ ತೀವ್ರತೆಯನ್ನು ಹೇಳುತ್ತದೆ: ಕೂಡದು, ದೊಡ್ಡದು, ನಡುವಿನದು, ಸಣ್ಣದು. ಅದಕ್ಕೆ ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಬೇರೆ ಕಾಲಮಿನಲ್ಲಿ ಕೊಡುತ್ತದೆ. ಲೆಕ್ಸಿಕಾಂಪಿನ ಎ, ಬಿ, ಸಿ, ಡಿ, ಎಕ್ಸ್ ಎಂಬ ಅಕ್ಷರಗಳು ತೀವ್ರತೆಯನ್ನಲ್ಲ, ಏನು ಮಾಡಬೇಕು ಎಂಬುದನ್ನು ಹೇಳುತ್ತವೆ. ಸಿ ಎಂದರೆ ಗಮನಿಸುತ್ತಿರಿ, ಡಿ ಎಂದರೆ ಔಷಧ ಬದಲಿಸುವುದನ್ನು ಯೋಚಿಸಿ, ಎಕ್ಸ್ ಎಂದರೆ ಒಟ್ಟಿಗೆ ಬೇಡ. ಇನ್ನು ಹಳೆಯ ಕಾಲೇಜು ಲೈಬ್ರರಿಗಳಲ್ಲಿ ಸಿಗುವ ಟ್ಯಾಟ್ರೊ ಸಂಪಾದಿಸಿದ ಪುಸ್ತಕದಲ್ಲಿ 1ರಿಂದ 5ರವರೆಗೆ ಅಂಕೆ, 1 ಅತಿ ಗಂಭೀರ. ಆ ಅಂಕೆಯಲ್ಲಿ ತೀವ್ರತೆಯೂ ಪುರಾವೆಯೂ ಬೆರೆತಿವೆ. ಪುರಾವೆ ಗಟ್ಟಿಯಿದ್ದ ಸಣ್ಣ ತೊಂದರೆಗೆ 3 ಬೀಳುತ್ತದೆ, ಪುರಾವೆ ತೆಳುವಾದ ದೊಡ್ಡ ತೊಂದರೆಗೆ 4 ಬೀಳುತ್ತದೆ. ಅಂದರೆ ಅಲ್ಲಿ 4, 3ಕ್ಕಿಂತ ಸಣ್ಣ ಅಪಾಯವಲ್ಲ. ಇದನ್ನು ಗಮನಿಸದೆ ಕಾಲಮ್ ಸಾರ್ಟ್ ಮಾಡಿದವರನ್ನು ನಾನು ದೂರುವುದಿಲ್ಲ. ಅಂಕೆ ಕಂಡರೆ ಸಾರ್ಟ್ ಮಾಡುವುದು ಮನುಷ್ಯ ಸಹಜ.

ಆಕರಗಳು ತಮ್ಮಲ್ಲಿಯೇ ಒಪ್ಪುವುದೂ ಇಲ್ಲ. 2004ರಲ್ಲಿ ಅಮೆರಿಕದ ಅಬಾರ್ಕಾ ಮತ್ತು ಸಂಗಡಿಗರು ನಾಲ್ಕು ಆಕರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಯಾವುದಾದರೂ ಒಂದರಲ್ಲಿ ‘ದೊಡ್ಡ ಅಪಾಯ’ ಎಂದು ಬರೆದಿದ್ದ 406 ಜೋಡಿಗಳಲ್ಲಿ ನಾಲ್ಕರಲ್ಲೂ ಹಾಗೆಯೇ ಬರೆದಿದ್ದದ್ದು 9 ಮಾತ್ರ. ಸಂಪಾದಕರು ಬೇಜವಾಬ್ದಾರರು ಎಂದು ಇದರ ಅರ್ಥವಲ್ಲ. ಒಬ್ಬರು ಒಂದೇ ಒಂದು ರೋಗಿಯ ವರದಿಗೂ ಎಚ್ಚರಿಸುತ್ತಾರೆ, ಇನ್ನೊಬ್ಬರು ಅಧ್ಯಯನ ಬರಲಿ ಎಂದು ಕಾಯುತ್ತಾರೆ. ಒಬ್ಬರು ಜೋಡಿಯನ್ನು ಬರೆಯುತ್ತಾರೆ, ಇನ್ನೊಬ್ಬರು ಗುಂಪನ್ನು ಬರೆಯುತ್ತಾರೆ.

ಎರಡನೆಯ ಪೇಚು ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಒಂದು ಆಕರದಲ್ಲಿ ಜೋಡಿ ಸಿಗದಿದ್ದರೆ ಆ ಮನೆ ಖಾಲಿ ಉಳಿಯುತ್ತದೆ, ಅಥವಾ ಎಕ್ಸೆಲ್ `#N/A` ಎಂದು ತೋರಿಸುತ್ತದೆ. ನೋಡಲು ಅಸಹ್ಯವಾಗುತ್ತದೆಂದು ಸೂತ್ರವನ್ನು ಹೀಗೆ ಬದಲಿಸುತ್ತಾರೆ:

```
=IFERROR(VLOOKUP(A2,Stockley!A:C,3,FALSE),0)
```

ಹಾಳೆ ಚೊಕ್ಕವಾಯಿತು. ಆದರೆ ‘ಇಲ್ಲಿ ಬರೆದಿಲ್ಲ’ ಎಂಬುದು ‘ಅಪಾಯ ಇಲ್ಲ’ ಆಗಿಹೋಯಿತು. ಎಕ್ಸೆಲಿನ `AVERAGE` ಖಾಲಿ ಮನೆಯನ್ನು ಬಿಟ್ಟು ಲೆಕ್ಕ ಹಾಕುತ್ತದೆ, ಸೊನ್ನೆಯನ್ನು ಮಾತ್ರ ನಿಜವಾದ ಅಂಕವೆಂದು ಸೇರಿಸಿಕೊಳ್ಳುತ್ತದೆ. ಇದೇ ಸೂತ್ರದಲ್ಲಿ ಕೊನೆಯ `FALSE` ಬಿಟ್ಟರೆ ಇನ್ನೊಂದು ಅನಾಹುತ: ಹೆಸರು ಸಿಗದಿದ್ದಾಗ ಎಕ್ಸೆಲ್ ಅಕಾರಾದಿಯಲ್ಲಿ ಅದರ ಹಿಂದಿನ ಹೆಸರಿಗೆ ಹೋಗಿ ಅದರ ಅಂಕ ತಂದುಕೊಡುತ್ತದೆ, ಎಚ್ಚರಿಕೆಯ ಒಂದು ಗುರುತೂ ಇಲ್ಲದೆ. ಇದನ್ನು ಕಂಡುಹಿಡಿಯುವ ಉಪಾಯ ಸುಲಭ. ಎಲ್ಲೂ ಇಲ್ಲದ ಒಂದು ಹುಸಿ ಹೆಸರನ್ನು ಟೈಪ್ ಮಾಡಿ ನೋಡಿ. ಹಾಳೆ ಅದಕ್ಕೂ ಒಂದು ಅಂಕ ಕೊಟ್ಟರೆ ಆ ಹಾಳೆಯನ್ನು ಕೌಂಟರಿಗೆ ತರಬೇಡಿ.

ಸೊನ್ನೆ ಏನು ಮಾಡುತ್ತದೆ ಎಂಬುದನ್ನು ಲೆಕ್ಕದಲ್ಲೇ ನೋಡಬಹುದು. ಅಂಕಗಳು ಉದಾಹರಣೆಗೆಂದು ಇಟ್ಟುಕೊಂಡವು, ಲೆಕ್ಕ ಮಾತ್ರ ನಿಜ. ದೊಡ್ಡದಕ್ಕೆ 3, ನಡುವಿನದಕ್ಕೆ 2, ಸಣ್ಣದಕ್ಕೆ 1. ಸ್ಪೈರನೋಲ್ಯಾಕ್ಟೋನ್ ಮತ್ತು ಕೋ-ಟ್ರೈಮಾಕ್ಸಜೋಲ್ ಜೋಡಿಗೆ ಒಂದು ಆಕರ 3 ಕೊಟ್ಟಿತು, ಎರಡು ಆಕರ 2 ಕೊಟ್ಟವು, ನಾಲ್ಕನೆಯದರಲ್ಲಿ ಸಿಗಲಿಲ್ಲ ಎಂದು ಸೊನ್ನೆ. ಒಟ್ಟು 7, ಸರಾಸರಿ 1.75. ಅದೇ ಹಾಳೆಯಲ್ಲಿ ಥೈರಾಯ್ಡ್ ಮಾತ್ರೆ ಮತ್ತು ಕ್ಯಾಲ್ಷಿಯಂ ಜೋಡಿ ಇದೆ. ಒಟ್ಟಿಗೆ ನುಂಗಿದರೆ ಥೈರಾಯ್ಡ್ ಮದ್ದು ಸರಿಯಾಗಿ ಹೀರಿಕೆಯಾಗುವುದಿಲ್ಲ. ನಾಲ್ಕು ಗಂಟೆ ಅಂತರ ಬಿಟ್ಟರೆ ಮುಗಿಯಿತು. ಇದನ್ನು ಎಲ್ಲರೂ ಬಲ್ಲರು, ಆದ್ದರಿಂದ ನಾಲ್ಕೂ ಆಕರ 2 ಕೊಟ್ಟವು ಎನ್ನೋಣ. ಸರಾಸರಿ 2. ಸಾರ್ಟ್ ಒತ್ತಿದ ತಕ್ಷಣ ಕ್ಯಾಲ್ಷಿಯಂ ಗುಳಿಗೆ ಮೇಲೆ, ನಿಲ್ಲಬಹುದಾದ ಹೃದಯ ಕೆಳಗೆ. ಸರಾಸರಿ ಅಳೆದದ್ದು ಅಪಾಯವನ್ನಲ್ಲ, ಒಂದು ಜೋಡಿ ಎಷ್ಟು ಪುಸ್ತಕಗಳಿಗೆ ಪರಿಚಿತ ಎಂಬುದನ್ನು.

ಸರಾಸರಿ ಬೇಡ, ನಾಲ್ಕರಲ್ಲಿ ಅತಿ ಹೆಚ್ಚಿನದನ್ನು ಇಟ್ಟುಕೊಂಡರಾಯಿತು ಎಂದು ಹೇಳುವವರಿದ್ದಾರೆ. ಸುರಕ್ಷಿತವೆಂದು ತೋರುತ್ತದೆ. ಆದರೆ ಅಬಾರ್ಕಾ ಲೆಕ್ಕವನ್ನೇ ನೆನೆಯಿರಿ: ಎಲ್ಲರೂ ಒಪ್ಪಿದ ಒಂಬತ್ತರ ಜೊತೆ ಎಲ್ಲರೂ ಒಪ್ಪದ 397 ಕೂಡ ಅಷ್ಟೇ ಕೆಂಪಾಗಿ ಬಂದು ಕೂರುತ್ತವೆ. ಪ್ರತಿ ಚೀಟಿಗೂ ಕೆಂಪು ಬಂದರೆ ಕಣ್ಣು ಕೆಂಪನ್ನು ನೋಡುವುದನ್ನೇ ಬಿಡುತ್ತದೆ. ಕಂಪ್ಯೂಟರಿನಲ್ಲಿ ಬರುವ ಇಂಥ ಎಚ್ಚರಿಕೆಗಳ ಬಗ್ಗೆ ಹಾಲೆಂಡಿನ ವಾನ್ ಡೆರ್ ಸೈಸ್ ಮತ್ತು ಸಂಗಡಿಗರು 2006ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ವೈದ್ಯರು 49ರಿಂದ 96 ಶೇಕಡಾ ಎಚ್ಚರಿಕೆಗಳನ್ನು ದಾಟಿ ಮುಂದೆ ಹೋಗಿದ್ದು ಕಂಡಿತ್ತು. ಸಾಯಂಕಾಲ ಆರರ ಹೊತ್ತಿಗೆ ಕೌಂಟರ್ ಮುಂದೆ ಕೈಚಾಚಿ ನಿಂತ ಜನರನ್ನು ಕಂಡ ಫಾರ್ಮಸಿಸ್ಟ್ ಬೇರೆ ರೀತಿ ನಡೆದುಕೊಳ್ಳುತ್ತಾನೆ ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಅಂಕದ ಮಾತು ಹಾಗಿರಲಿ, ಎಷ್ಟೋ ಸಲ ಸಾಲೇ ಸಿಗುವುದಿಲ್ಲ. ಅಜ್ಜಿ ತಂದ ಪ್ಲಾಸ್ಟಿಕ್ ಕವರಿನಲ್ಲಿ ಬಾವಿನ ಮಾತ್ರೆಯ ಸ್ಟ್ರಿಪ್ ಇದೆ, ಕತ್ತರಿಸಿದ ತುಂಡು, ಹೆಸರಿನ ಕೊನೆಯ ಎರಡಕ್ಷರ ಮಾತ್ರ ಉಳಿದಿದೆ. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಅದು ಬ್ರ್ಯಾಂಡ್ ಹೆಸರಿನಿಂದ ದಾಖಲಾಗಿರುತ್ತದೆ, ಕೆಲವೊಮ್ಮೆ ಪಕ್ಕದಲ್ಲಿ ಟಾರ್ಸೆಮೈಡ್ ಎಂದಷ್ಟೇ ಇರುತ್ತದೆ. ಹಿಂದೆ ಅಡಗಿದ ಸ್ಪೈರನೋಲ್ಯಾಕ್ಟೋನ್ ಹಾಳೆಗೆ ಗೊತ್ತೇ ಆಗುವುದಿಲ್ಲ. ನಮ್ಮ ದೇಶದಲ್ಲಿ ಎರಡು ಮೂರು ಮದ್ದು ಬೆರೆತ ಮಾತ್ರೆಗಳು ಎಷ್ಟು ಎಂದರೆ, ಹಾಳೆ ಮಾಡುವ ಮೊದಲ ಕೆಲಸವೇ ಪ್ರತಿ ಬ್ರ್ಯಾಂಡನ್ನು ಅದರ ಮೂಲ ಔಷಧಗಳಿಗೆ ಒಡೆಯುವುದಾಗಬೇಕು. ಕೋ-ಟ್ರೈಮಾಕ್ಸಜೋಲನ್ನೂ ಟ್ರೈಮೆಥೋಪ್ರಿಮ್, ಸಲ್ಫಮೆಥಾಕ್ಸಜೋಲ್ ಎಂದು ಒಡೆಯಬೇಕು, ಏಕೆಂದರೆ ಪೊಟ್ಯಾಷಿಯಂ ಏರಿಸುವುದು ಒಂದು, ಸಕ್ಕರೆ ಇಳಿಸುವುದು ಮುಖ್ಯವಾಗಿ ಇನ್ನೊಂದು.

ಹೆಸರಿನ ಗಡಿಯೂ ಇದೆ. ನಮ್ಮ ಗ್ಲಿಬೆನ್‌ಕ್ಲಮೈಡ್ ಅಮೆರಿಕದ ಆಕರದಲ್ಲಿ ಗ್ಲೈಬುರೈಡ್, ನಮ್ಮ ರಿಫಾಂಪಿಸಿನ್ ಅಲ್ಲಿ ರಿಫಾಂಪಿನ್, ಸಾಲ್‌ಬ್ಯುಟಮಾಲ್ ಅಲ್ಬುಟೆರಾಲ್. ಎರಡು ಹೆಸರು ಒಂದೇ ಮದ್ದೆಂದು ಹೇಳಿಕೊಡದಿದ್ದರೆ ಹುಡುಕಾಟ ಸೋಲುತ್ತದೆ, ಸೋತ ಜಾಗದಲ್ಲಿ ಮತ್ತೆ ಅದೇ ಸೊನ್ನೆ. ರಕ್ತ ತೆಳುವಾಗಿಸಲು ಇಲ್ಲಿ ಧಾರಾಳವಾಗಿ ಬರೆಯುವ ಅಸೆನೊಕೌಮರಾಲ್ ಅಮೆರಿಕದ ಮಾರುಕಟ್ಟೆಯಲ್ಲಿ ಇಲ್ಲ. ಅಲ್ಲಿನ ಬರಹವೆಲ್ಲ ವಾರ್ಫರಿನ್ ಸುತ್ತ. ಹಾಗೆಂದು ವಾರ್ಫರಿನ್ನಿನ ಸಾಲುಗಳನ್ನು ಕಣ್ಣುಮುಚ್ಚಿ ನಕಲು ಮಾಡುವುದೂ ಬೇಡ. ‘ವಾರ್ಫರಿನ್ನಿನಿಂದ ಎರವಲು’ ಎಂದು ಗುರುತು ಹಾಕಿ ಇಟ್ಟರೆ ಓದುವವರಿಗೆ ಎಷ್ಟು ನಂಬಬೇಕೆಂದು ತಿಳಿಯುತ್ತದೆ.

ಬ್ರಿಟನ್ನಿನ ಬಿಎನ್‌ಎಫ್‌ನಲ್ಲಿ ಮತ್ತೊಂದು ಬಗೆಯ ಕುಳಿ ಇದೆ. ಒಂದೇ ಬಗೆಯ ಪರಿಣಾಮ ಇರುವ ಮದ್ದುಗಳನ್ನು, ಅಂದರೆ ಪೊಟ್ಯಾಷಿಯಂ ಏರಿಸುವವು, ನಿದ್ದೆ ಬರಿಸುವವು, ರಕ್ತಸ್ರಾವ ಹೆಚ್ಚಿಸುವವು, ಅದು ಪ್ರತ್ಯೇಕ ಪಟ್ಟಿಗಳಾಗಿ ಕೊಡುತ್ತದೆ. ಎಲ್ಲವನ್ನೂ ಜೋಡಿ ಜೋಡಿಯಾಗಿ ಬರೆಯುವುದಿಲ್ಲ. ಜೋಡಿಗಳನ್ನು ಮಾತ್ರ ಎತ್ತಿಕೊಂಡವರ ಹಾಳೆಗೆ ಈ ಪಟ್ಟಿಗಳು ಬರುವುದೇ ಇಲ್ಲ. ನೋಡಹೋದರೆ ನಮ್ಮ ಅಜ್ಜಿಗೆ ಬೇಕಾದದ್ದು ಆ ಪಟ್ಟಿಯೇ. ರಾಮಿಪ್ರಿಲ್ ಮತ್ತು ಸ್ಪೈರನೋಲ್ಯಾಕ್ಟೋನ್ ಜೋಡಿಗೆ ಎಚ್ಚರಿಕೆ ಬರುತ್ತದೆ, ಆದರೆ ಅದನ್ನು ಹೃದಯದ ಡಾಕ್ಟರು ಗೊತ್ತಿದ್ದೇ ಬರೆದಿರುತ್ತಾರೆ. ಸೋತ ಹೃದಯಕ್ಕೆ ಅದು ಬೇಕಾದ ಚಿಕಿತ್ಸೆ. ಫಾರ್ಮಸಿಸ್ಟ್ ಅದನ್ನು ದಾಟಿ ಹೋಗುವುದು ಸರಿಯೇ. ಆ ಜೋಡಿಯ ಮೇಲೆ ಮೂರನೆಯದು ಬಂದಾಗ ಹಾಳೆ ಮತ್ತೆ ಎರಡೆರಡನ್ನೇ ನೋಡಿ ‘ನಡುವಿನ ಅಪಾಯ’ ಎಂದು ಮೂರು ಸಾಲು ತೋರಿಸುತ್ತದೆ. ಮೂರೂ ಒಂದೇ ಕಡೆ ಎಳೆಯುತ್ತಿವೆ ಎಂದು ಹೇಳುವ ಸಾಲು ಅದರಲ್ಲಿ ಇಲ್ಲ.

ಇದನ್ನು ಸರಿಪಡಿಸುವುದು ಬೇಸರದ ಕೆಲಸ, ಕಷ್ಟದ್ದಲ್ಲ. ಅಂಗಡಿಯಲ್ಲಿ ನಾನೂರು ಮೂಲ ಔಷಧ ಇದ್ದರೆ ಜೋಡಿಗಳು 79,800 ಆಗುತ್ತವೆ, ಅಷ್ಟನ್ನೂ ಯಾರೂ ಕೈಯಲ್ಲಿ ನೋಡಲಾರರು, ನೋಡಬೇಕಾಗಿಯೂ ಇಲ್ಲ. ಆಕರಗಳು ಒಪ್ಪಿದ ಕಡೆ ಹಾಳೆ ತಾನೇ ತುಂಬಿಕೊಳ್ಳಲಿ. ಒಂದು ದೊಡ್ಡದು ಎಂದು ಇನ್ನೊಂದು ಸಣ್ಣದು ಎಂದರೆ, ಅಥವಾ ಒಂದರಲ್ಲಿ ದೊಡ್ಡದಾಗಿದ್ದು ಇನ್ನೊಂದರಲ್ಲಿ ಇಲ್ಲವೇ ಇಲ್ಲದಿದ್ದರೆ, ಆ ಸಾಲು ಅಂಕ ಪಡೆಯದೆ ಬೇರೆ ಕಟ್ಟಿಗೆ ಬೀಳಬೇಕು. ಅದನ್ನು ಒಬ್ಬ ಫಾರ್ಮಸಿಸ್ಟ್ ಕೂತು ಓದಿ ತೀರ್ಮಾನಿಸಬೇಕು, ಕೆಳಗೆ ದಿನಾಂಕ ಹಾಕಬೇಕು. ಎರಡು ಹೆಸರನ್ನು ಯಾವಾಗಲೂ ಅಕಾರಾದಿಯಲ್ಲಿ ಇಟ್ಟರೆ ಒಂದೇ ಜೋಡಿ ಹಿಂದುಮುಂದಾಗಿ ಎರಡು ಸಲ ನುಸುಳುವುದು ತಪ್ಪುತ್ತದೆ. ಪ್ರತಿ ಆಕರದ ಮಾತು ಅದರದೇ ಕಾಲಮಿನಲ್ಲಿ, ಅದು ಬರೆದ ಹಾಗೆಯೇ ಉಳಿಯಬೇಕು. ಸಿಗದಿದ್ದರೆ ‘ಬರೆದಿಲ್ಲ’ ಎಂಬ ನಾಲ್ಕಕ್ಷರದ ಸೋಮಾರಿತನ ಬಿಟ್ಟು, ಯಾವ ಹೆಸರಿನಿಂದ ಹುಡುಕಿದ್ದು ಎಂಬುದನ್ನೂ ಬರೆಯಬೇಕು.

ಸಾರ್ಟ್ ಮಾಡುವ ಕಾಲಮ್ ತೀವ್ರತೆಯದಾಗಿರಬಾರದು, ಕೌಂಟರಿನಲ್ಲಿ ಏನು ಮಾಡಬೇಕು ಎಂಬುದರದಾಗಿರಬೇಕು ಎಂಬುದು ನನ್ನ ವಾದ. ಮೆಟ್ಟಿಲು ಐದು: ಕೊಡಬೇಡಿ; ಡಾಕ್ಟರಿಗೆ ಫೋನ್ ಮಾಡುವವರೆಗೆ ಕೊಡಬೇಡಿ; ಕೊಡಿ, ಆದರೆ ಇಂಥ ಪರೀಕ್ಷೆ ಇಷ್ಟು ದಿನಕ್ಕೆ; ಅಂತರ ಬಿಟ್ಟು ತಿನ್ನಲು ಹೇಳಿ; ಸುಮ್ಮನಿರಿ. ಹೀಗೆ ಮಾಡಿದರೆ ಥೈರಾಯ್ಡ್-ಕ್ಯಾಲ್ಷಿಯಂ ತಾನಾಗಿ ನಾಲ್ಕನೆಯ ಮೆಟ್ಟಿಲಿಗೆ ಇಳಿಯುತ್ತದೆ. ಇದರ ಪಕ್ಕದಲ್ಲಿ ಇನ್ನೊಂದು ಕಾಲಮ್, ಪ್ರತಿ ಮದ್ದು ಏನನ್ನು ಏರಿಸುತ್ತದೆ ಅಥವಾ ಇಳಿಸುತ್ತದೆ ಎಂಬುದು. ಚೀಟಿಯಲ್ಲಿ ‘ಪೊಟ್ಯಾಷಿಯಂ ಏರಿಕೆ’ ಎಂಬ ಗುರುತು ಮೂರು ಸಲ ಬಂದರೆ, ಜೋಡಿಗಳ ಅಂಕ ಎಷ್ಟೇ ಇರಲಿ, ಚೀಟಿ ಎರಡನೆಯ ಮೆಟ್ಟಿಲಿಗೆ ಏರಬೇಕು. ಎಕ್ಸೆಲಿನಲ್ಲಿ ಅದಕ್ಕೆ `COUNTIF` ಸಾಕು.

ಹಾಳೆ ಕೌಂಟರಿಗೆ ಬರುವ ಮೊದಲು ಅದನ್ನು ಪರೀಕ್ಷಿಸುವುದಕ್ಕೆ ಉತ್ತರ ಗೊತ್ತಿರುವ ಕೆಲವು ಚೀಟಿಗಳನ್ನು ಹಾಕಿ ನೋಡಬೇಕು: ಸಿಮ್ವಾಸ್ಟಾಟಿನ್ ಜೊತೆ ಕ್ಲಾರಿಥ್ರೋಮೈಸಿನ್, ಡಿಗಾಕ್ಸಿನ್ ಜೊತೆ ಕ್ಲಾರಿಥ್ರೋಮೈಸಿನ್, ಮೆಥೋಟ್ರೆಕ್ಸೇಟ್ ಜೊತೆ ಟ್ರೈಮೆಥೋಪ್ರಿಮ್, ಮತ್ತು ನಮ್ಮ ಅಜ್ಜಿಯ ಚೀಟಿ, ಅದೂ ಬ್ರ್ಯಾಂಡ್ ಹೆಸರಿನಲ್ಲಿ. ಮೊದಲ ಪುಟದಲ್ಲಿ ಇವು ಕಾಣದಿದ್ದರೆ ಜೋಡಣೆ ಎಲ್ಲೋ ಮುರಿದಿದೆ. ಆಕರ ಹೊಸ ಆವೃತ್ತಿ ತಂದಾಗಲೆಲ್ಲ ಇದೇ ಚೀಟಿಗಳನ್ನು ಮತ್ತೆ ಹಾಕಬೇಕು. ಭಾರತದಲ್ಲಿ ಔಷಧ ಸುರಕ್ಷತಾ ಕಾರ್ಯಕ್ರಮ 2010ರಿಂದ ಇದೆ, ಅಡ್ಡಪರಿಣಾಮ ಕಂಡರೆ 1800-180-3024ಕ್ಕೆ ಯಾರು ಬೇಕಾದರೂ ತಿಳಿಸಬಹುದು. ಅಲ್ಲಿಗೆ ಹೋಗುವ ವರದಿಯಲ್ಲಿ ರೋಗಿ ಜೊತೆಗೆ ತಿನ್ನುತ್ತಿದ್ದ ಎಲ್ಲ ಮದ್ದೂ ಇರಲಿ. ನಮ್ಮದೇ ಜನರ ಮೇಲೆ ಯಾವ ಜೋಡಿ ಏನು ಮಾಡುತ್ತದೆ ಎಂದು ತಿಳಿಯುವ ದಾರಿಗಳಲ್ಲಿ ಅದೂ ಒಂದು.

ಇಷ್ಟಾದ ಮೇಲೂ ಹಾಳೆಗೆ ಗೊತ್ತಾಗದ ಸಂಗತಿಗಳಿವೆ. ಅಜ್ಜಿಯ ಕ್ರಿಯಾಟಿನಿನ್ ಎಷ್ಟು, ಕೊನೆಯ ಪೊಟ್ಯಾಷಿಯಂ ಪರೀಕ್ಷೆ ಯಾವಾಗ ಆಗಿತ್ತು, ಉಪ್ಪು ಬಿಡಿ ಎಂದಾಗ ಮಗ ತಂದುಕೊಟ್ಟ ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಷಿಯಂ ಇದೆಯೇ, ಇವನ್ನು ಕೇಳಿಯೇ ತಿಳಿಯಬೇಕು. ಔಷಧ ಬದಲಿಸುವ ಅಧಿಕಾರ ಫಾರ್ಮಸಿಸ್ಟಿಗೆ ಇಲ್ಲ. ಆದ್ದರಿಂದ ಆ ಸಾಲಿನಲ್ಲಿ ಕೊನೆಗೆ ಇರಬೇಕಾದದ್ದು ಫೋನ್ ಯಾರಿಗೆ ಎಂಬುದು. ನನ್ನ ಪ್ರಕಾರ ಊರಿನ ಡಾಕ್ಟರಿಗೆ. ಹೃದಯದ ಎರಡೂ ಮಾತ್ರೆ ಉಳಿಯಬೇಕಾದವು. ಬದಲಾಗಬಹುದಾದದ್ದು ಐದಾರು ದಿನದ ಆ್ಯಂಟಿಬಯೋಟಿಕ್ ಮಾತ್ರ, ಅದನ್ನು ಬರೆದವರು ಅವರು. ‘ಸರ್, ಅಮ್ಮ ಸ್ಪೈರನೋಲ್ಯಾಕ್ಟೋನ್, ರಾಮಿಪ್ರಿಲ್ ಎರಡೂ ತಗೊಳ್ತಿದ್ದಾರೆ, ಸಕ್ಕರೆಗೆ ಗ್ಲಿಬೆನ್‌ಕ್ಲಮೈಡ್ ಇದೆ, ಬೇರೆ ಆ್ಯಂಟಿಬಯೋಟಿಕ್ ಬರೀಬಹುದಾ?’ ಎಂದು ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಅದೇ ಮದ್ದು ಬೇಕೇ ಬೇಕು ಎಂದರೆ ಎರಡು ಮೂರು ದಿನದಲ್ಲೇ ಪೊಟ್ಯಾಷಿಯಂ ಪರೀಕ್ಷೆ ಬರೆಸಿಕೊಳ್ಳಬೇಕು, ಸಕ್ಕರೆ ಇಳಿದರೆ ಬೆವರು, ನಡುಕ ಬರುತ್ತದೆಂದು ಮನೆಯವರಿಗೆ ಹೇಳಿ ಕಳಿಸಬೇಕು.